ಫೋನಿನಲ್ಲಿ ಒಡೆಯದ ಕನ್ನಡ ಸಬ್‌ಟೈಟಲ್

ಅಜ್ಜಿಯೊಬ್ಬರು ತುಳುವಿನಲ್ಲಿ ಹೇಳಿದ ಹಳೆಯ ನೆನಪುಗಳ ವಿಡಿಯೊ ನಿಮ್ಮಲ್ಲಿದೆ, ಅದಕ್ಕೆ ಕನ್ನಡ ಸಬ್‌ಟೈಟಲ್ ಬೇಕು ಎಂದುಕೊಳ್ಳಿ. ಯೂಟ್ಯೂಬಿಗಾದರೆ ಸಾಲುಗಳನ್ನು ಬೇರೆ ಫೈಲಿನಲ್ಲಿ ಕೊಟ್ಟರೆ ಸಾಕು. ವಾಟ್ಸ್ಆ್ಯಪಿನಲ್ಲಿ ಹಂಚುವುದಾದರೆ ಅಕ್ಷರಗಳನ್ನು ದೃಶ್ಯದ ಮೇಲೆಯೇ ಅಚ್ಚೊತ್ತಬೇಕು. ಎರಡಕ್ಕೂ ಮೊದಲು ಬೇಕಾದದ್ದು ಸಮಯ ಗುರುತಿಸಿದ ಸಾಲುಗಳು. ನೋಟ್‌ಪ್ಯಾಡಿನಲ್ಲೇ ಹೀಗೆ ಬರೆದು, UTF-8 ಆಯ್ದು, `ajji.srt` ಎಂದು ಉಳಿಸಬಹುದು:

```
1
00:00:12,400 --> 00:00:15,900
ಆಗ ವರ್ಷಕ್ಕೆ ಬೇಕಾದ ಅಕ್ಕಿಯನ್ನು
ಮನೆಯಲ್ಲೇ ಕುಟ್ಟುತ್ತಿದ್ದೆವು.

2
00:00:16,000 --> 00:00:17,900
ಮಿಲ್ಲು ಬಂದದ್ದು ಆಮೇಲೆ.
```

ಅಲ್ಪವಿರಾಮದ ನಂತರದ್ದು ಸೆಕೆಂಡಿನ ಸಾವಿರದ ಒಂದು ಭಾಗಗಳ ಲೆಕ್ಕ. ಅಜ್ಜಿ ಬಾಯಿ ತೆರೆದ ಕ್ಷಣಕ್ಕೆ ಸಾಲು ಬರಲಿ. ಮಾತು ಮುಗಿದರೂ ಓದು ಮುಗಿದಿರುವುದಿಲ್ಲ. ಮುಂದೆ ಮೌನವಿದ್ದರೆ ಸಾಲನ್ನು ಅರ್ಧ ಸೆಕೆಂಡು ಹೆಚ್ಚಿಗೆ ನಿಲ್ಲಿಸಿ. ಅವಧಿ ಸಾಕೇ ಎಂದು ತಿಳಿಯಲು ಆ ಸಾಲನ್ನು ನೀವೇ ಗಟ್ಟಿಯಾಗಿ ಓದಿ ನೋಡಿ. ಉಸಿರುಗಟ್ಟಿ ಓದಬೇಕಾಯಿತೆಂದರೆ ಪದ ಕಡಿಮೆ ಮಾಡಿ. ಎಷ್ಟೇ ಚಿಕ್ಕ ಮಾತಾದರೂ ಸುಮಾರು ಒಂದು ಸೆಕೆಂಡು ಇರಲಿ, ಏಳು ಸೆಕೆಂಡು ದಾಟುವುದು ಬೇಡ. ಸಾಲು ಮುರಿಯುವಾಗ 'ಬೇಕಾದ' ಮತ್ತು 'ಅಕ್ಕಿಯನ್ನು' ಬೇರೆಯಾಗದಂತೆ ನೋಡಿಕೊಳ್ಳಿ.

ಈಗ ಫಾಂಟು. ಬೇರೆ ಫೈಲು ಕೊಟ್ಟಾಗ ಅಕ್ಷರ ಮೂಡಿಸುವುದು ನೋಡುವವರ ಫೋನು, ನಿಮ್ಮ ಆಯ್ಕೆ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಪಠ್ಯ ಯೂನಿಕೋಡ್ ಆಗಿದ್ದರೆ ಸಾಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಆಸ್ಕಿಯಾಗಿ ಟೈಪಿಸಿದ್ದು ಫೋನಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಅಚ್ಚೊತ್ತುವಾಗ ಹೊಣೆ ನಿಮ್ಮ ಎಡಿಟಿಂಗ್ ಆ್ಯಪಿನದು. 'ವರ್ಷ' ಪದದಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ರ, ವಿರಾಮ, ಷ ಎಂಬ ಕ್ರಮವನ್ನು. ಅದನ್ನು ಷ ಮತ್ತು ಅರ್ಕಾವತ್ತಾಗಿ ಜೋಡಿಸಿ ತೋರಿಸುವ ಕೆಲಸ ಆ್ಯಪ್ ಮತ್ತು ಫಾಂಟು ಎರಡಕ್ಕೂ ಸೇರಿದ್ದು. ಆ್ಯಪಿಗೆ ಜೋಡಿಸಲು ಬಾರದಿದ್ದರೆ ಎಂಥ ಒಳ್ಳೆಯ ಫಾಂಟಿನಲ್ಲೂ ಒತ್ತು ಕಳಚಿ ಪಕ್ಕದಲ್ಲಿ ನಿಲ್ಲುತ್ತದೆ. ಆಗ ಫಾಂಟು ಬದಲಿಸುತ್ತ ಕೂರದೆ ಆ್ಯಪ್ ಬದಲಿಸಿ. ಅಡೋಬಿ ಪ್ರೀಮಿಯರ್‌ನಂಥವುಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಪ್ರತ್ಯೇಕ ಸೆಟ್ಟಿಂಗ್ ಇದೆ, ಅದನ್ನು ಆಯ್ದುಕೊಳ್ಳಬೇಕು. ಫಾಂಟಾಗಿ ನನ್ನ ಮೊದಲ ಆಯ್ಕೆ ಉಚಿತವಾಗಿ ಸಿಗುವ Noto Sans Kannada. ತುಸು ದಪ್ಪನೆಯದು, ತೆಳು ಕಪ್ಪು ಅಂಚಿನೊಂದಿಗೆ.

ಎರಡು ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಇಲ್ಲವಾದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ತಲಕಟ್ಟಿಗೆ ತಗುಲಿ ಎರಡೂ ಕಲಸಿಹೋಗುತ್ತವೆ.

ಇಡೀ ವಿಡಿಯೊ ಸಿದ್ಧಪಡಿಸುವ ಮೊದಲು 'ವರ್ಷ, ಸ್ತ್ರೀ, ರಾಷ್ಟ್ರ, ಕೃಷ್ಣ, ರ‍್ಯಾಂಕ್' ಎಂಬ ಒಂದೇ ಸಾಲನ್ನು ಹತ್ತು ಸೆಕೆಂಡಿನ ತುಣುಕಿನ ಮೇಲೆ ಅಚ್ಚೊತ್ತಿ, ಫೋನಿಗೆ ಕಳಿಸಿ, ಕೈಯಳತೆಯ ದೂರದಿಂದ ಓದಿ. ಐದೂ ಪದ ಸರಿಯಾಗಿ ಕಂಡರೆ ಮುಂದುವರಿಯಿರಿ.