“ಎಲ್ಲೆ?” ಎಂದಾಗ ಕೇಳಿಸಿಲ್ಲ ಎಂದೇ ಅರ್ಥವೇ?

ಇಬ್ಬರು ಗೆಳತಿಯರು. ಒಬ್ಬಳು ಧಾರವಾಡದಲ್ಲಿ, ಇನ್ನೊಬ್ಬಳು ಪುಣೆಯ ಧನಕವಡಿಯಲ್ಲಿ. ವಿವರಣೆಗೆಂದು ಕಟ್ಟಿದ ಅವರ ಫೋನ್ ಮಾತು ಇದು. ಸಂಭಾಷಣಾ ವಿಶ್ಲೇಷಣೆಯವರು ಕಟ್ಟಿದ ಮಾತನ್ನು ನಂಬುವವರಲ್ಲ, ಧ್ವನಿಮುದ್ರಣವೇ ಬೇಕೆನ್ನುತ್ತಾರೆ. ಆದರೆ ಪಾಠಕ್ಕೆ ಇಷ್ಟು ಸಾಕು.

1. ವೀಣಾ: ಗುರುವಾರ, ಅಲ್ಲ, ಶುಕ್ರವಾರ ಮುಂಜಾನೆ ಸ್ವಾರಗೇಟಿನಾಗ ಇಳೀತೇನಿ.
2. ಸುಧಾ: ಎಲ್ಲೆ?
3. ವೀಣಾ: ಸ್ವಾರಗೇಟಿನಾಗ.
4. (ಸುಮಾರು ಒಂದು ಸೆಕೆಂಡ್ ಮೌನ)
5. ವೀಣಾ: ಕಾತ್ರಜದಾಗ ಇಳೀಲೇನು ಹಂಗಾದ್ರ?
6. ಸುಧಾ: ಹೂಂ, ನನಗ ಅದ ಹತ್ರ ಆಗ್ತದ.

ಸರದಿಯ ನಿಯಮ ಸರಳ. ಹಾರ್ವೆ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲೋಫ್, ಗೇಲ್ ಜೆಫರ್ಸನ್ 1974ರಲ್ಲಿ ಅದನ್ನು ಬರೆದಿಟ್ಟರು. ಮಾತು ಮುಗಿಯಬಹುದಾದ ಪ್ರತಿ ಜಾಗದಲ್ಲೂ, ಆಡುತ್ತಿರುವವರು ಮುಂದಿನವರನ್ನು ಆರಿಸಬಹುದು. ಆರಿಸದಿದ್ದರೆ ಯಾರು ಮೊದಲು ಬಾಯಿ ತೆರೆಯುತ್ತಾರೋ ಅವರದು ಸರದಿ. ಯಾರೂ ತೆರೆಯದಿದ್ದರೆ ಆಡುತ್ತಿದ್ದವರೇ ಮುಂದುವರಿಯಬಹುದು. ನಾಲ್ಕರಿಂದ ಐದನೆಯ ಸಾಲಿಗೆ ಬಂದಾಗ ಆಗಿರುವುದು ಈ ಮೂರನೆಯದು.

ದುರಸ್ತಿಗೆ ಬರೋಣ. ಆಡುವಾಗ, ಕೇಳುವಾಗ, ತಿಳಿಯುವಾಗ ಬರುವ ತೊಡಕನ್ನು ಸರಿಪಡಿಸುವುದಕ್ಕೆ ಈ ಹೆಸರು. ಒಂದನೆಯ ಸಾಲಿನಲ್ಲಿ ವೀಣಾ ತನ್ನ ವಾರವನ್ನು ತಾನೇ ತಿದ್ದಿಕೊಂಡಳು. ಬಹುತೇಕ ದುರಸ್ತಿ ಹೀಗೇ ನಡೆಯುತ್ತದೆ. ಎರಡನೆಯ ಸಾಲಿನದು ಬೇರೆ: ತೊಡಕನ್ನು ತೋರಿಸಿದವಳು ಸುಧಾ, ತಿದ್ದುವ ಕೆಲಸ ಮಾತ್ರ ಮತ್ತೆ ವೀಣಾಳದು. “ಸ್ವಾರಗೇಟ್ ಬ್ಯಾಡ, ಕಾತ್ರಜದಾಗ ಇಳಿ” ಎಂದು ಸುಧಾ ನೇರವಾಗಿ ಹೇಳಬಹುದಿತ್ತು. ಹೇಳಲಿಲ್ಲ. ತಿದ್ದುವ ಅವಕಾಶ ಮೊದಲು ಆಡಿದವರಿಗೇ ಸಿಗುವಂತೆ ಮಾತು ಸಾಗುತ್ತದೆ ಎಂದು ಇದೇ ಮೂವರು 1977ರಲ್ಲಿ ತೋರಿಸಿದರು.

ಓದುಗರು ಎಡವುವುದು ಇಲ್ಲೇ. “ಏನು?”, “ಎಲ್ಲೆ?” ಅಂದರೆ ಕೇಳಿಸಲಿಲ್ಲ ಎಂದಷ್ಟೇ ಅನಿಸುತ್ತದೆ. ಆದರೆ ದುರಸ್ತಿ ಕೇಳುವ ಬಗೆಗಳಲ್ಲೇ ಮೇಲುಕೆಳಗಿದೆ. “ಹಾಂ?” ಎಂದರೆ ತೊಡಕು ಎಲ್ಲಿದೆಯೆಂದೇ ಗೊತ್ತಾಗದು, ಇಡೀ ಮಾತನ್ನು ಮತ್ತೆ ಹೇಳಬೇಕು. “ಎಲ್ಲೆ?” ಎಂದರೆ ಉಳಿದದ್ದೆಲ್ಲ ಮುಟ್ಟಿದೆ, ಊರು-ಜಾಗದ ಮಾತು ಮಾತ್ರ ಬಾಕಿ. “ಸ್ವಾರಗೇಟಿನಾಗ?” ಎಂದು ತಿರುಗಿ ಹೇಳಿದರೆ ಆ ಪದವೂ ಕಿವಿಗೆ ಬಿದ್ದಿದೆ, ಒಪ್ಪಿಗೆಯೇ ಬಾಕಿ ಇರಬಹುದು. ಸುಧಾಳ ಪ್ರಶ್ನೆ ನಡುವಿನದು, ಎರಡು ಕಡೆಗೂ ವಾಲಬಲ್ಲದು. ವೀಣಾ ಅದನ್ನು ಕಿವಿಯ ತೊಡಕೆಂದುಕೊಂಡು ಹೆಸರನ್ನು ಮತ್ತೆ ಹೇಳಿದಳು.

ಕೇಳಿಸದಿದ್ದುದೇ ತೊಂದರೆಯಾಗಿದ್ದರೆ ಆಮೇಲೆ ಒಡನೆ “ಆತು” ಬರಬೇಕಿತ್ತು. ಮೌನ ಬಂತು. ಒಪ್ಪಿಗೆ ತಟ್ಟನೆ ಬರುತ್ತದೆ, ಅಸಮ್ಮತಿ ಮಾತ್ರ ಹಿಂದೆ ಮುಂದೆ ನೋಡುತ್ತದೆ. ವೀಣಾ ಆ ಮೌನವನ್ನು ಓದಿ, ತನ್ನ ಯೋಜನೆಯನ್ನೇ ಬದಲಿಸಿ ಮುಂದಿಟ್ಟಳು. ದಕ್ಷಿಣದಿಂದ ಪುಣೆಗೆ ಬರುವ ಬಸ್ಸಿಗೆ ಕಾತ್ರಜ ಮೊದಲು, ಸ್ವಾರಗೇಟ್ ಆಮೇಲೆ. ಧನಕವಡಿಯವಳು ಹತ್ತಿರದ ಕಾತ್ರಜ ಬಿಟ್ಟು ಸ್ವಾರಗೇಟಿನಷ್ಟು ದೂರ ಹೋಗಿ ಕರೆತರಬೇಕೇಕೆ? ಅದನ್ನು ಸುಧಾ ಮೊದಲೇ ಬಾಯಿಬಿಟ್ಟು ಹೇಳಲೇ ಬೇಕಾಗಲಿಲ್ಲ.

ಇದೆಲ್ಲ ನಮ್ಮ ಊಹೆಯಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸುಧಾಳ ಮನಸ್ಸಿನಲ್ಲಿ ಏನಿತ್ತೆಂದು ನಾವು ಹೇಳುತ್ತಿಲ್ಲ. ಮೌನವನ್ನು ವೀಣಾ ಏನೆಂದು ತೆಗೆದುಕೊಂಡಳು ಎಂಬುದಕ್ಕೆ ಅವಳದೇ ಐದನೆಯ ಸಾಲು ಸಾಕ್ಷಿ. ಆ ಓದು ಸರಿ ಎಂಬುದಕ್ಕೆ ಆರನೆಯ ಸಾಲಿನ “ಹೂಂ” ಸಾಕ್ಷಿ. ಪ್ರತಿ ಮಾತಿನ ಅರ್ಥವನ್ನು ಮುಂದಿನ ಮಾತಿನಲ್ಲಿ ಹುಡುಕು ಎನ್ನುವುದು ಈ ಶಾಸ್ತ್ರದ ಪಟ್ಟು. ಮುಖ, ಕೈಸನ್ನೆಗಳಿಲ್ಲದ ಫೋನ್ ಇದಕ್ಕೆ ಅನುಕೂಲ: ಅವರಿಗೆ ಸಿಕ್ಕಿದ್ದು ದನಿಯಷ್ಟೇ, ನಮಗೂ ಅಷ್ಟೇ.

ಅಷ್ಟೇ ಎಂದೆ, ಆದರೆ ಅದರಲ್ಲೂ ಒಂದು ಮೋಸವಿದೆ. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದರಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಸರಾಸರಿ ಅಂತರ ಸುಮಾರು 0.2 ಸೆಕೆಂಡ್. ಮೊಬೈಲ್ ಕರೆಯಲ್ಲಿ, ಅದರಲ್ಲೂ ಇಂಟರ್ನೆಟ್ ಕರೆಯಲ್ಲಿ, ದನಿ ಆ ಕಡೆ ಮುಟ್ಟಲು ಅಷ್ಟೇ ಹೊತ್ತು ಹಿಡಿಯಬಹುದು. ವೀಣಾಳ ಮಾತು ಹೋಗಲು 0.2, ಸುಧಾ ಬಾಯಿ ತೆರೆಯಲು 0.2, ಮರಳಿ ಬರಲು 0.2. ಸುಧಾಳಿಗೆ ತಾನು ತಟ್ಟನೆ ಉತ್ತರಿಸಿದಂತೆ ಅನಿಸಿದರೂ ವೀಣಾಳ ಕಿವಿಗೆ ಅದು 0.6 ಸೆಕೆಂಡಿನ ಮೌನ. ಇಲ್ಲದ ಹಿಂಜರಿಕೆ ಅಲ್ಲಿ ಕೇಳಿಸುತ್ತದೆ. ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬಂದು ಇಬ್ಬರ ಮಾತೂ ಡಿಕ್ಕಿಯಾಗುತ್ತದೆ.

ಹಾಗಾಗಿ ಒಂದೇ ತುದಿಯಲ್ಲಿ ಮುದ್ರಿಸಿದ ಕರೆಯಿಂದ ಮೌನವನ್ನು ಅಳೆದರೆ, ಇನ್ನೊಬ್ಬಳು ಕೇಳಿದ ಮೌನ ಕೈತಪ್ಪುತ್ತದೆ. ಪುಣೆ-ಧಾರವಾಡದ ಗೆಳತಿಯರ ಕರೆಗಳನ್ನು ಅಧ್ಯಯನ ಮಾಡಹೊರಟವರು ಇಬ್ಬರ ಒಪ್ಪಿಗೆಯನ್ನೂ ಪಡೆದು, ಎರಡೂ ತುದಿಗಳಲ್ಲಿ ಮುದ್ರಿಸಿ, ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಬರೆಯಬೇಕು. ಮಾತು ಒಬ್ಬಳಿಂದ ಇನ್ನೊಬ್ಬಳಿಗೆ ದಾಟುವಾಗಿನ ಪ್ರತಿ ಮೌನದ ಎದುರು ಆಗ ಒಂದಲ್ಲ, ಎರಡು ಅಂಕೆಗಳು ಬರುತ್ತವೆ. ಅವುಗಳಲ್ಲಿ ಯಾವುದನ್ನು ಯಾರು ಓದಿದರು ಎಂಬುದೇ ಅಧ್ಯಯನದ ಮೊದಲ ಪ್ರಶ್ನೆ.