ನೀರು ಬರುವುದಿಲ್ಲ ಎಂದು ಹೇಳುವ ಬಗೆ

ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕದಲ್ಲಿ ಅಂಟಿಸುವ ನೀರಿನ ಸೂಚನೆಗಳು ಬಹುಮಟ್ಟಿಗೆ ಕಚೇರಿ ಪತ್ರದ ಅಚ್ಚಿನಲ್ಲೇ ಇರುತ್ತವೆ. ಮೇಲೆ ಸಂಘದ ಹೆಸರು, ನೋಂದಣಿ ಸಂಖ್ಯೆ, ಉಲ್ಲೇಖ, ವಿಷಯ. ಅದರ ಕೆಳಗೆ ಹೀಗೊಂದು ವಾಕ್ಯ: "ಈ ಮೂಲಕ ಸಮಸ್ತ ನಿವಾಸಿಗಳ ಗಮನಕ್ಕೆ ತರುವುದೇನೆಂದರೆ, ಬಿ ಬ್ಲಾಕಿನ ಓವರ್‌ಹೆಡ್ ಟ್ಯಾಂಕಿನ ವಾಲ್ವ್ ಬದಲಾವಣೆ ಹಾಗೂ ಸ್ವಚ್ಛತಾ ಕಾರ್ಯ ಕೈಗೊಳ್ಳಲಾಗಿರುವ ಪ್ರಯುಕ್ತ ನಾಳೆ 10ರಿಂದ 3ರವರೆಗೆ ನೀರು ಪೂರೈಕೆಯಲ್ಲಿ ವ್ಯತ್ಯಯ ಉಂಟಾಗಲಿದ್ದು, ನಿವಾಸಿಗಳು ಸಹಕರಿಸಬೇಕಾಗಿ ಕೋರಲಾಗಿದೆ."

ವ್ಯಾಕರಣದಲ್ಲಿ ಇದಕ್ಕೆ ಕುಂದಿಲ್ಲ. ಆದರೆ ಓದುವವರಿಗೆ ಬೇಕಾದದ್ದು ವಾಕ್ಯದ ನಡುವೆ ಹೂತುಹೋಗಿದೆ, ಅದರಲ್ಲೂ ಎರಡು ಮಾತು ಕೈಕೊಡುತ್ತವೆ. ಮೊದಲನೆಯದು "ವ್ಯತ್ಯಯ". ಪತ್ರಿಕೆ ಓದಿ ಅಭ್ಯಾಸವಿರುವ ಹಿರಿಯರಿಗೂ ಇದು ನೀರು ಸಣ್ಣಗೆ ಬರುತ್ತದೆ ಎಂದೋ, ಬಿಟ್ಟು ಬಿಟ್ಟು ಬರುತ್ತದೆ ಎಂದೋ, ಬರುವುದೇ ಇಲ್ಲ ಎಂದೋ ಖಚಿತವಾಗಿ ತಿಳಿಸುವುದಿಲ್ಲ. ಹತ್ತು ವರ್ಷದ ಮಗುವಿಗಂತೂ ಅದು ಅರ್ಥವಿಲ್ಲದ ಸದ್ದು. "ನೀರು ಬರುವುದಿಲ್ಲ" ಎಂದರೆ ಇಬ್ಬರಿಗೂ ತಿಳಿಯುತ್ತದೆ. ನೀರು ಕಡಿಮೆಯಾಗುವುದಷ್ಟೇ ಆದರೆ "ನೀರು ಸಣ್ಣಗೆ ಬರುತ್ತದೆ" ಎಂದು ಬೇರೆಯಾಗಿಯೇ ಬರೆಯಬೇಕು. ಎರಡನ್ನೂ ಒಂದೇ ಪದದಲ್ಲಿ ಮುಚ್ಚಿಡುವುದು ಬರೆಯುವವರಿಗೆ ಅನುಕೂಲ, ಬಕೆಟ್ ತುಂಬಬೇಕಾದವರಿಗಲ್ಲ.

ಎರಡನೆಯದು "ನಾಳೆ". ಸೋಮವಾರ ಸಂಜೆ ಅಂಟಿಸಿದ ಕಾಗದವನ್ನು ಊರಿಂದ ಮರಳಿದವರು ಮಂಗಳವಾರ ಬೆಳಿಗ್ಗೆ ಓದಿದರೆ, ಅವರ ಪಾಲಿಗೆ ನಾಳೆ ಎಂದರೆ ಬುಧವಾರ. ಒಬ್ಬರಿಂದೊಬ್ಬರಿಗೆ ದಾಟುವ ವಾಟ್ಸ್ಆ್ಯಪ್ ಸಂದೇಶದಲ್ಲಿ ಈ ಎಡವಟ್ಟು ಇನ್ನೂ ಹೆಚ್ಚು. ವಾರ, ತಾರೀಖು ಎರಡೂ ಇರಬೇಕು. ಶಾಲಾ ಮಕ್ಕಳೂ ಮನೆಗೆಲಸಕ್ಕೆ ಬರುವವರೂ ವಾರದ ಲೆಕ್ಕದಲ್ಲಿ ನಡೆದರೆ, ಕ್ಯಾಲೆಂಡರ್ ನೋಡುವ ಹಿರಿಯರು ತಾರೀಖನ್ನು ಹುಡುಕುತ್ತಾರೆ. ಗಂಟೆಗೂ ಹೀಗೆಯೇ, 10ರ ಹಿಂದೆ ಬೆಳಿಗ್ಗೆಯೋ ರಾತ್ರಿಯೋ ಇರಬೇಕು. ಇನ್ನು "12 ಗಂಟೆ"ಯನ್ನು ಬರೆಯದಿರುವುದೇ ಮೇಲು. "ಸೋಮವಾರ ರಾತ್ರಿ 12" ಎಂದರೆ ಸೋಮವಾರ ಆರಂಭವಾಗುವ ರಾತ್ರಿಯೋ ಮುಗಿಯುವ ರಾತ್ರಿಯೋ ಎಂಬುದು ದೊಡ್ಡವರಿಗೂ ಗೊಂದಲವೇ. "ಸೋಮವಾರ ರಾತ್ರಿ 11:45" ಎಂದರೆ ಆ ತಕರಾರಿಲ್ಲ.

ಆದರೆ ಮೇಲಿನ ಸೂಚನೆಯ ದೊಡ್ಡ ತಪ್ಪು ಭಾಷೆಯದಲ್ಲ, ಲೆಕ್ಕದ್ದು. ಮಧ್ಯಾಹ್ನ 3 ಗಂಟೆ ಎಂಬುದು ಪ್ಲಂಬರ್ ಕೆಲಸ ಮುಗಿಸುವ ಹೊತ್ತು, ನಲ್ಲಿಯಲ್ಲಿ ನೀರು ಬರುವ ಹೊತ್ತಲ್ಲ. ಬಿ ಬ್ಲಾಕಿನ ಟ್ಯಾಂಕು 20,000 ಲೀಟರಿನದು, ಸಂಪಿನಿಂದ ಮೇಲಕ್ಕೆತ್ತುವ ಪಂಪು ನಿಮಿಷಕ್ಕೆ 150 ಲೀಟರ್ ಎತ್ತುತ್ತದೆ ಎಂದುಕೊಂಡರೆ, ತೊಳೆದು ಖಾಲಿಯಾದ ಟ್ಯಾಂಕಿನ ಕಾಲು ಭಾಗ ತುಂಬುವುದಕ್ಕೇ ಅರ್ಧ ಗಂಟೆ ದಾಟುತ್ತದೆ, ಪೂರ್ತಿ ತುಂಬಲು ಎರಡು ಗಂಟೆಯ ಮೇಲಾಗುತ್ತದೆ. ವಾಲ್ವ್ ತೆರೆದ ಮೇಲೂ ಪೈಪಿನಲ್ಲಿ ಸೇರಿಕೊಂಡ ಗಾಳಿ ಹೊರಹೋಗಬೇಕು. ಟ್ಯಾಂಕಿಗೆ ಹತ್ತಿರವಿರುವ ಮೇಲಿನ ಮಹಡಿಗಳಲ್ಲಿ ಒತ್ತಡ ಕಡಿಮೆ, ಕೆಳಗಿನ ಮನೆಗಳವರೆಲ್ಲ ಒಟ್ಟಿಗೆ ನಲ್ಲಿ ತಿರುಗಿಸಿದರೆ ಮೇಲಿನವರಿಗೆ ಬರುವುದು ಇನ್ನೂ ತಡ. ಆದ್ದರಿಂದ ಸೂಚನೆಯಲ್ಲಿ ಇರಬೇಕಾದದ್ದು ಕಟ್ಟಕಡೆಯ ಮನೆಗೆ ನೀರು ತಲುಪುವ ಹೊತ್ತು. ಇಲ್ಲಿ ಅದು ಸಂಜೆ 5. ಮೂರೂವರೆಗೆ ಶಾಲೆಯಿಂದ ಬಂದು ಬಾಗಿಲು ತೆರೆಯುವ ಮಗುವಿಗೆ ಈ ಎರಡು ಗಂಟೆಯ ವ್ಯತ್ಯಾಸ ಸಣ್ಣದಲ್ಲ.

ಇನ್ನೊಂದು ಲೆಕ್ಕ ಬಕೆಟ್ಟಿನದು. "ಅಗತ್ಯವಿರುವಷ್ಟು ನೀರು ಸಂಗ್ರಹಿಸಿಕೊಳ್ಳಿ" ಎಂದು ಬರೆದರೆ ಕೆಲವರು ಒಂದು ಚೊಂಬೂ ತುಂಬುವುದಿಲ್ಲ, ಕೆಲವರು ಡ್ರಮ್ಮು, ಕೊಡ, ಕುಕ್ಕರು ಯಾವುದನ್ನೂ ಬಿಡುವುದಿಲ್ಲ. ನಗರದ ನೀರು ಪೂರೈಕೆಯ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ರೂಢಿಯ ಅಳತೆ. ನಾಲ್ಕು ಜನರ ಮನೆಗೆ ಅದು 540 ಲೀಟರ್. ಇದರ ಮೂರನೆಯ ಒಂದು ಪಾಲು, ಅಂದರೆ 180 ಲೀಟರ್, ಬೆಳಗಿನ ಹೊತ್ತಿಗೇ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ ಬ್ಲಾಕಿನ 48 ಮನೆಗಳಿಗೆ 8,640 ಲೀಟರ್ ಬೇಕು. ಟ್ಯಾಂಕು ತೊಳೆಯುವ ದಿನ ಬೆಳಗಿನ ಜಾವವೇ ಪಂಪು ನಿಲ್ಲಿಸಿರುತ್ತಾರೆ, ಇರುವುದು ಅದೇ 20,000 ಲೀಟರ್. ಮನೆಗೆ ನಾಲ್ಕು ಬಕೆಟ್, ಅಂದರೆ ಸುಮಾರು 80 ಲೀಟರ್ ಹಿಡಿದಿಟ್ಟರೆ ಎಲ್ಲ ಸೇರಿ 3,840 ಲೀಟರ್ ಆಗುತ್ತದೆ, ನೀರು ಸಾಕಾಗಿ ಮಿಗುತ್ತದೆ. ಪ್ರತಿ ಮನೆಯೂ 300 ಲೀಟರ್ ತುಂಬಿಕೊಂಡರೆ 14,400 ಲೀಟರ್. ಆಗ ಒಟ್ಟು ಬೇಡಿಕೆ 23,000 ದಾಟಿ, ಹತ್ತು ಗಂಟೆಗೆ ನಿಲ್ಲಬೇಕಾದ ನೀರು ಒಂಬತ್ತಕ್ಕೋ ಅದಕ್ಕೂ ಮೊದಲೋ ನಿಲ್ಲುತ್ತದೆ. ತಡವಾಗಿ ಏಳುವವರ ಸ್ನಾನ ಅರ್ಧಕ್ಕೇ ನಿಲ್ಲುವುದು ಹೀಗೆ, ಸೂಚನೆಯಿಂದಾಗಿಯೇ. ಹಾಗಾಗಿ ಬಕೆಟ್ಟಿನ ಸಂಖ್ಯೆಯನ್ನೇ ಬರೆಯಬೇಕು. ಶೌಚಾಲಯಕ್ಕೆ ಎರಡೂವರೆ, ಅಡುಗೆಮನೆಗೆ ಒಂದು, ಕೈ ತೊಳೆಯಲು ಅರ್ಧ ಎಂಬ ಹಿಡಿತದಲ್ಲಿ ನಾಲ್ಕು ಬಕೆಟ್ ಒಂದು ಹಗಲಿಗೆ ಸಾಲುತ್ತದೆ. ಕುಡಿಯುವ ನೀರು ಬೇರೆ. ಲೀಟರ್ ಎಂದರೆ ಕಣ್ಣಿಗೆ ಕಟ್ಟದವರಿಗೂ ಬಕೆಟ್ ಎಂದರೆ ಕಟ್ಟುತ್ತದೆ.

ಯಾವ ನಲ್ಲಿ ಎಂಬುದನ್ನೂ ಬಿಡಿಸಿ ಹೇಳಬೇಕು. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಫ್ಲಶ್ಶಿಗೆ ಬೇರೆಯೇ ಪೈಪು, ಅದರಲ್ಲಿ ಬರುವುದು ಶುದ್ಧೀಕರಿಸಿದ ಬಳಕೆ ನೀರು. ಅಂಥ ಕಡೆ ಅಡುಗೆಮನೆಯ ನಲ್ಲಿ ಒಣಗಿದರೂ ಫ್ಲಶ್ ನಡೆಯುತ್ತಿರುತ್ತದೆ, "ಫ್ಲಶ್ ಎಂದಿನಂತೆ ಇರುತ್ತದೆ" ಎಂಬ ಮೂರು ಪದ ಎರಡೂವರೆ ಬಕೆಟ್ ಉಳಿಸುತ್ತವೆ. ಕಾವೇರಿ ನೀರು, ಬೋರ್‌ವೆಲ್ ನೀರು ಎಂಬ ಭೇದವಾದರೋ ಸಂಪಿನಲ್ಲೇ ಕಲೆತು ಹೋಗುವುದರಿಂದ ಜಲಮಂಡಳಿ ನೂರು ಕಿಲೋಮೀಟರ್ ಆಚೆಯ ಪಂಪು ನಿಲ್ಲಿಸಿದ ಸುದ್ದಿಯನ್ನು ಹಾಗೆಯೇ ಗೋಡೆಗೆ ಅಂಟಿಸಿದರೆ ಪ್ರಯೋಜನ ಕಡಿಮೆ. ಸಂಪಿನಲ್ಲಿ ಎಷ್ಟು ದಿನದ ನೀರಿದೆ, ಟ್ಯಾಂಕರ್ ತರಿಸುತ್ತಾರೋ ಇಲ್ಲವೋ ಎಂಬುದೇ ನಿವಾಸಿಗಳ ಪ್ರಶ್ನೆ.

ಇಷ್ಟನ್ನೂ ಸೇರಿಸಿ ತಿದ್ದಿ ಬರೆದರೆ ಅದೇ ಸೂಚನೆ ಹೀಗಾಗುತ್ತದೆ:

ಬಿ ಬ್ಲಾಕ್: ನೀರು ಬರುವುದಿಲ್ಲ
ಮಂಗಳವಾರ, ಮಾರ್ಚ್ 10
ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ
ಅಡುಗೆಮನೆ, ಬಚ್ಚಲು, ಫ್ಲಶ್: ಯಾವುದರಲ್ಲೂ ನೀರಿಲ್ಲ. ಎ ಮತ್ತು ಸಿ ಬ್ಲಾಕಿನಲ್ಲಿ ಎಂದಿನಂತೆ ಬರುತ್ತದೆ.
ಮೊದಲು: ಸೋಮವಾರ ರಾತ್ರಿಯೇ 4 ಬಕೆಟ್ ನೀರು ಹಿಡಿದಿಡಿ. ಕುಡಿಯುವ ನೀರು ಬೇರೆ ತುಂಬಿಡಿ.
ನಡುವೆ: ನಲ್ಲಿ ತಿರುಗಿಸಿ ನೋಡಿದರೆ ಮತ್ತೆ ಮುಚ್ಚಿ. ಗೀಸರ್, ವಾಷಿಂಗ್ ಮಷಿನ್ ಹಾಕಬೇಡಿ.
ಆಮೇಲೆ: ನೀರು ಕೆಂಪಗೆ ಬಂದರೆ ತಿಳಿಯಾಗುವವರೆಗೆ ಬಕೆಟ್ಟಿಗೆ ಬಿಡಿ. ಅದನ್ನು ಕುಡಿಯಬೇಡಿ.
ಬಕೆಟ್ ತುಂಬಲು, ಹೊರಲು ಸಹಾಯ ಬೇಕಿದ್ದರೆ ಗೇಟಿಗೆ ಇಂಟರ್‌ಕಾಮ್ ಮಾಡಿ.
ಕಾರಣ: ಟ್ಯಾಂಕ್ ತೊಳೆಯುವುದು, ವಾಲ್ವ್ ಬದಲಾವಣೆ.

ಇಲ್ಲಿ ಕಾರಣ ಕೊನೆಗೆ ಹೋಗಿರುವುದು ಬೇಕೆಂದೇ. ಕಾರಣ ತಿಳಿಯದಿದ್ದರೂ ದಿನ ಸಾಗುತ್ತದೆ, ಗಂಟೆ ತಿಳಿಯದಿದ್ದರೆ ಸಾಗುವುದಿಲ್ಲ. ಮೇಲಿನ ಮೂರು ಸಾಲು ಲಿಫ್ಟಿಗೆ ಓಡುವವರಿಗೆ, ಉಳಿದದ್ದು ನಿಂತು ಓದುವವರಿಗೆ. ಬಕೆಟ್ಟನ್ನು ಸೋಮವಾರ ರಾತ್ರಿಯೇ ತುಂಬಲು ಹೇಳಿರುವುದರಿಂದ ಬೆಳಗಿನ ನೂಕುನುಗ್ಗಲೂ ಕಡಿಮೆಯಾಗುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಪಂಪು ಇನ್ನೂ ನಡೆಯುತ್ತಿರುತ್ತದೆ. "ನಡುವೆ" ಎಂಬ ಸಾಲು ಮುಖ್ಯವಾಗಿ ಮಕ್ಕಳಿಗೂ ಮರೆವಿನ ಹಿರಿಯರಿಗೂ. ನೀರಿಲ್ಲದ ನಲ್ಲಿಯನ್ನು ತಿರುಗಿಸಿದವರು ಮುಚ್ಚಲು ಮರೆಯುವುದು ಸಹಜ, ಸದ್ದೇ ಇಲ್ಲವಲ್ಲ. ಸಂಜೆ ಮನೆಗೆ ಬೀಗ ಹಾಕಿ ಹೊರಗೆ ಹೋದಾಗ ನೀರು ಬಂದರೆ ಸಿಂಕು ತುಂಬಿ ಹರಿದು ಕೆಳಗಿನ ಮನೆಯ ಸೀಲಿಂಗಿನಲ್ಲಿ ಇಳಿಯುತ್ತದೆ, ಆಗಷ್ಟೇ ತುಂಬಿದ ಟ್ಯಾಂಕೂ ಬರಿದಾಗುತ್ತದೆ. ಗೀಸರಿನದು ಬೇರೆ ಅಪಾಯ. ಒಳಗೆ ನೀರಿಲ್ಲದೆ ಕಾದರೆ ಅದರ ಕಾಯಿಲ್ ಸುಟ್ಟುಹೋಗುತ್ತದೆ.

ಅಕ್ಷರದ ವಿಷಯದಲ್ಲಿ ಕನ್ನಡಕ್ಕೆ ಅದರದೇ ಕಷ್ಟವಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ, ಸಣ್ಣ ಅಕ್ಷರದಲ್ಲಂತೂ ಒತ್ತುಗಳು ಮಸಿಯ ಚುಕ್ಕೆಯಾಗಿ ಕಾಣುತ್ತವೆ. ಎ4 ಹಾಳೆಯಲ್ಲಿ ಮೇಲಿನ ಮೂರು ಸಾಲು 40 ಪಾಯಿಂಟಿನ ಆಸುಪಾಸು, ಉಳಿದದ್ದು 20ಕ್ಕೆ ಕಡಿಮೆಯಿಲ್ಲದಂತೆ ಇದ್ದು, ಸಾಲಿನ ಅಂತರ ಒಂದೂವರೆ ಪಟ್ಟು ಇದ್ದರೆ ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರಿಗೂ ಮುಖ್ಯ ಮಾತು ಸಿಗುತ್ತದೆ. ಅಂಕಿಗಳು 10, 5 ಎಂದೇ ಇರಬೇಕು. ೧೦ ಎಂದು ಬರೆಯುವುದು ಚೆಂದ, ಆದರೆ ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳು ಅದನ್ನು ಗುರುತಿಸುವುದಿಲ್ಲ, ೬ ಮತ್ತು ೯ ದೂರದಿಂದ ಹಿರಿಯರನ್ನೂ ಬೇಸ್ತುಬೀಳಿಸುತ್ತವೆ. ನಲ್ಲಿಯ ಚಿತ್ರದ ಮೇಲೆ ಅಡ್ಡಗೆರೆ ಎಳೆದರೆ ಸಾಕು ಎಂಬ ಹುಮ್ಮಸ್ಸಿಗೂ ಮಿತಿ ಬೇಕು. ಅದು "ನೀರು ಬರುವುದಿಲ್ಲ" ಎಂದಷ್ಟೇ ಅಲ್ಲ, "ಈ ನೀರು ಕುಡಿಯಬೇಡಿ" ಎಂದೂ ಕಾಣಬಹುದು. ಚಿತ್ರದ ಪಕ್ಕದಲ್ಲಿ ಮಾತು ಇದ್ದೇ ಇರಬೇಕು.

ವಾಟ್ಸ್ಆ್ಯಪ್ಪಿಗೆ ಕಳಿಸುವಾಗ ಹಾಳೆಯ ಫೋಟೊ ಒಂದನ್ನೇ ಹಾಕುವುದು ಸಾಲದು. ಕಣ್ಣು ಮಂದವಾದವರು ಫೋನಿನಿಂದಲೇ ಗಟ್ಟಿಯಾಗಿ ಓದಿಸಿಕೊಳ್ಳಬೇಕಾದರೆ ಅಕ್ಷರದ ಸಂದೇಶ ಬೇಕು, ಅದು ಯುನಿಕೋಡಿನಲ್ಲಿರಬೇಕು. ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ನಕಲಿಸಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೋನೂ ಇಲ್ಲದೆ ಕೆಳಗೂ ಇಳಿಯದೆ ಇರುವ ಹಿರಿಯರಿಗೆ ಹಿಂದಿನ ಸಂಜೆ ಗೇಟಿನಿಂದ ಇಂಟರ್‌ಕಾಮ್ ಕರೆ ಹೋಗಬೇಕು, ಅಂಥ ಮನೆಗಳ ಪಟ್ಟಿ ಸೆಕ್ಯುರಿಟಿಯವರ ಬಳಿ ಇರಬೇಕು. ಹಾಳೆಯಂತೂ ಎರಡು ದಿನ ಮೊದಲೇ ಗೋಡೆಗೆ ಬರಬೇಕು, ಲಿಫ್ಟಿನ ಒಳಗೆ ಮಕ್ಕಳ ಕಣ್ಣಿಗೂ ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿಗೂ ಎಟಕುವಷ್ಟು ಕೆಳಗೆ. ಕನ್ನಡದ ಹಾಳೆಯ ಪಕ್ಕ ಅದೇ ಕ್ರಮದಲ್ಲಿ ಬ್ಲಾಕಿನವರು ಓದುವ ಇತರ ಭಾಷೆಯದು ಬೇರೆ ಹಾಳೆಯಲ್ಲಿ ಇರಲಿ, ಒಂದೇ ಹಾಳೆಯಲ್ಲಿ ಮೂರು ಭಾಷೆ ತುರುಕಿದರೆ ಮೂರೂ ಸಣ್ಣದಾಗುತ್ತವೆ.

ಅಂಟಿಸುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಒಂದು ಶಾಲಾ ಮಗು, ಒಬ್ಬ ಹಿರಿಯರು, ಮನೆಗೆಲಸಕ್ಕೆ ಬರುವ ಒಬ್ಬರು, ಇವರಿಗೆ ಹಾಳೆಯನ್ನು ಅರ್ಧ ನಿಮಿಷ ತೋರಿಸಿ ಮಡಿಸಿಟ್ಟು ಮೂರು ಪ್ರಶ್ನೆ ಕೇಳುವುದು: ನೀರು ಯಾವಾಗ ನಿಲ್ಲುತ್ತದೆ, ಯಾವಾಗ ಬರುತ್ತದೆ, ಎಷ್ಟು ಬಕೆಟ್ ತುಂಬಬೇಕು? "ಅರ್ಥವಾಯಿತೇ" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಇಬ್ಬರು ಒಂದೇ ಪ್ರಶ್ನೆಗೆ ತಡವರಿಸಿದರೆ ತಿದ್ದಬೇಕಾದ್ದು ಆ ಸಾಲು.

ಪೈಪು ದಿಢೀರನೆ ಒಡೆದಾಗ ಇಷ್ಟೆಲ್ಲ ಮಾಡಲು ವೇಳೆ ಇರುವುದಿಲ್ಲ, ನೀರು ಯಾವಾಗ ಬರುತ್ತದೆಂಬುದೂ ಗೊತ್ತಿರುವುದಿಲ್ಲ. ಆಗ "ಶೀಘ್ರದಲ್ಲೇ" ಎಂದು ಬರೆಯುವ ಬದಲು ಮುಂದಿನ ಸುದ್ದಿ ಯಾವಾಗ ಎಂದು ಬರೆಯಬಹುದು: "ನೀರು ಯಾವಾಗ ಬರುತ್ತದೆ ಎಂದು ಮಧ್ಯಾಹ್ನ 2ಕ್ಕೆ ತಿಳಿಸುತ್ತೇವೆ." ಎರಡು ಗಂಟೆಗೆ ಹೇಳಲು ಹೊಸತೇನೂ ಇಲ್ಲದಿದ್ದರೆ ಇಲ್ಲವೆಂದೇ ಬರೆದು, ಮತ್ತೊಂದು ಗಂಟೆ ಕೊಡಬೇಕು. ಕೆಲಸ ತಡವಾದರೆ ಹಳೆಯ ಹಾಳೆಯಲ್ಲಿ 5 ಅನ್ನು ಪೆನ್ನಿನಲ್ಲಿ 7 ಮಾಡುವುದಲ್ಲ, ಅದನ್ನು ಕಿತ್ತು "ಬದಲಾದ ಸಮಯ" ಎಂಬ ತಲೆಬರಹದೊಂದಿಗೆ ಹೊಸದನ್ನು ಹಾಕುವುದು. ನೀರು ಬಂದ ಸಂಜೆಯೇ ಎಲ್ಲ ಹಾಳೆಗಳೂ ಗೋಡೆಯಿಂದ ಇಳಿಯಬೇಕು. ಕಳೆದ ತಿಂಗಳ ಸೂಚನೆ ಇನ್ನೂ ಅಲ್ಲೇ ತೂಗುತ್ತಿದ್ದರೆ ಮುಂದಿನ ಸಲದ್ದನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ.