ಏಟು ಸೊಂಟದ್ದು, ತೋಳು ಬರೀ ಹಗ್ಗ!

ಹದಿನಾರು ಕಿಲೋ ಕೆಟಲ್‌ಬೆಲ್ ಒಂದನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಮಡಿಸದೆ ನಿಧಾನವಾಗಿ ಎದೆಯ ಮಟ್ಟಕ್ಕೆ ಎತ್ತಲು ಹೋಗಿ. ಹೆಚ್ಚಿನವರಿಗೆ ಅರ್ಧ ದಾರಿಯಲ್ಲೇ ಭುಜ ಸೋಲುತ್ತದೆ. ಅದೇ ಜನ, ಅದೇ ಗುಂಡನ್ನು ಸ್ವಿಂಗ್‌ನಲ್ಲಿ ಹತ್ತಾರು ಸಲ ಎದೆಯೆತ್ತರಕ್ಕೆ ಹಾರಿಸುತ್ತಾರೆ! ಹಾಗಾದರೆ ಎತ್ತಿದ್ದು ಯಾರು?

ಸೊಂಟದ ಕೀಲು! ತೊಡೆ ಬಂದು ಮುಂಡಕ್ಕೆ ಕೂಡುವ ಆ ಜಾಗ! ಗುಂಡು ಮಂಡಿಯ ಹತ್ತಿರದಿಂದ ಎದೆಯವರೆಗೆ ಸುಮಾರು 80 ಸೆಂಟಿಮೀಟರ್ ಏರಬೇಕು ಎಂದುಕೊಳ್ಳಿ. ಕೆಳಗಿರುವಾಗಲೇ ಅದಕ್ಕೆ ಸೆಕೆಂಡಿಗೆ 4 ಮೀಟರಿನಷ್ಟು ವೇಗ ಸಿಕ್ಕಿಬಿಟ್ಟರೆ ಸಾಕು, ಉಳಿದ ದಾರಿಯನ್ನು ಆ ವೇಗವೇ ದಾಟಿಸುತ್ತದೆ. ಅಷ್ಟು ವೇಗವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡಬಲ್ಲವು ದೇಹದ ದೊಡ್ಡ ಸ್ನಾಯುಗಳು, ಅಂದರೆ ಪೃಷ್ಠ ಮತ್ತು ತೊಡೆಯ ಹಿಂಭಾಗ. ತೋಳಿಗೆ ಉಳಿಯುವ ಕೆಲಸ ಗುಂಡು ಹಾದಿ ತಪ್ಪದಂತೆ ಹಿಡಿದಿರುವುದು ಮಾತ್ರ!

ಕ್ರಮ ಹೀಗೆ. ಗುಂಡನ್ನು ಪಾದಗಳಿಂದ ಒಂದಡಿ ಮುಂದಿಡಿ. ಬೆನ್ನು ನೇರವಾಗಿಟ್ಟು, ಮಂಡಿ ಸ್ವಲ್ಪವೇ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಬಾಗಿ. ಕುಳಿತುಕೊಳ್ಳುವುದಲ್ಲ, ಕೀಲಿನಲ್ಲಿ ಮಡಚಿಕೊಳ್ಳುವುದು. ಗುಂಡನ್ನು ತೊಡೆಗಳ ನಡುವೆ, ಮಂಡಿಗಿಂತ ಮೇಲೆಯೇ, ಹಿಂದಕ್ಕೆ ಎಳೆಯಿರಿ. ಮುಂಗೈ ತೊಡೆಯ ಮೇಲ್ಭಾಗಕ್ಕೆ ತಾಗಿದ ಕ್ಷಣವೇ ನೆಲವನ್ನು ಒತ್ತಿ ಸೊಂಟವನ್ನು ಝಟ್ಟನೆ ಮುಂದಕ್ಕೆ ಚಿಮ್ಮಿಸಿ, ಪೃಷ್ಠ ಬಿಗಿದು ನೆಟ್ಟಗೆ ನಿಲ್ಲಿ. ಹಿಂದಕ್ಕೆ ವಾಲಬೇಡಿ. ತುದಿಯಲ್ಲಿ ಒಂದು ಕ್ಷಣ ಆ ಕಬ್ಬಿಣ ತೂಕವೇ ಇಲ್ಲದಂತೆ ತೇಲುತ್ತದೆ! ಇಳಿಯುವಾಗ ಅವಸರ ಬೇಡ. ತೋಳು ಪಕ್ಕೆಲುಬಿಗೆ ತಾಗುವವರೆಗೆ ನಿಂತಿದ್ದು, ಆಮೇಲೆ ಬಾಗಿ.

ಇದೆಲ್ಲ ಸರಿಯಾಯಿತೋ ಇಲ್ಲವೋ ಎಂದು ಹೇಳುವುದು ಒಂದು ಸಣ್ಣ ಟವೆಲ್! ಗಟ್ಟಿ ಟವೆಲನ್ನು ಹಿಡಿಯೊಳಗೆ ತೂರಿಸಿ, ಎರಡೂ ತುದಿ ಹಿಡಿದು, ಹಗುರವಾದ ಗುಂಡಿನಿಂದ ಸ್ವಿಂಗ್ ಮಾಡಿ. ಎದುರಿಗೆ ಯಾರೂ ಇರಬಾರದು. ಮೇಲೆ ಬಂದಾಗ ತೋಳು, ಟವೆಲ್, ಗುಂಡು ಮೂರೂ ಒಂದೇ ಗೆರೆಯಲ್ಲಿದ್ದರೆ ದೂಡಿದ್ದು ಸೊಂಟ. ಗುಂಡು ಕೆಳಕ್ಕೆ ಜೋತುಬಿದ್ದರೆ ಎತ್ತಿದ್ದು ಭುಜ. ಬಟ್ಟೆಯಿಂದ ಯಾವ ತೂಕವನ್ನೂ ಮೇಲಕ್ಕೆ ತಳ್ಳಲಾಗದು. ಎಳೆಯಲು ಮಾತ್ರ ಸಾಧ್ಯ. ಹಾಗಾಗಿ ಅದು ಸುಳ್ಳು ಹೇಳಲಾರದು!

ಸ್ವಿಂಗ್ ಆದ ಮೇಲೆ ಭುಜ ಉರಿದರೆ ತೋಳು ಎತ್ತುತ್ತಿದೆ ಎಂದರ್ಥ. ಕೆಳಬೆನ್ನು ನೊಂದರೆ ಕೀಲಿನ ಬದಲು ಬೆನ್ನೇ ಬಾಗುತ್ತಿದೆ. ಆಗ ಅಲ್ಲಿಗೇ ನಿಲ್ಲಿಸಿ. ಬೆನ್ನುನೋವು ಮೊದಲೇ ಇದ್ದವರು ವೈದ್ಯರನ್ನು ಕೇಳದೆ ಗುಂಡು ಮುಟ್ಟಬಾರದು. ಉಳಿದವರು ಭಾರ ಹೆಚ್ಚಿಸುವ ಮುನ್ನ ಒಮ್ಮೆ ಟವೆಲ್ ಹಿಡಿಯಿರಿ.